‘ಉಡುಗೊರೆಗೆ ಸೂಕ್ತ’ ಎಂದು ಬರೆದರೆ ಸಾಲದೇ?

ಪ್ರಶ್ನೆ: ಬದಿಯಡ್ಕದಲ್ಲಿ ಕುಳಿತು ಕಾಸರಗೋಡು ಕೈಮಗ್ಗದ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಪ್ರತಿ ಸೀರೆಯ ವಿವರದ ಕೊನೆಗೆ ‘ಅಮ್ಮ, ಅತ್ತೆ, ಹೆಂಡತಿ, ಗೆಳತಿ, ಎಲ್ಲರಿಗೂ ಎಲ್ಲ ಹಬ್ಬಗಳಿಗೂ ಉಡುಗೊರೆಯಾಗಿ ಸೂಕ್ತ’ ಎಂದು ಬರೆದಿದ್ದೇನೆ. ಆದರೂ ಉಡುಗೊರೆಗೆಂದು ಕೊಳ್ಳುವವರು ಕಡಿಮೆ. ಏಕೆ?

ಉತ್ತರ: ಉಡುಗೊರೆ ಹುಡುಕುವವರಿಗೆ ಸೀರೆಯ ಚಿಂತೆಗಿಂತ ಕೊಡುವ ದಿನದ ಚಿಂತೆ ಹೆಚ್ಚು. ‘ಎಲ್ಲರಿಗೂ’ ಎಂದು ಓದಿದಾಗ ತಾನು ಕೊಡಬೇಕಾದವರ ಮುಖ ಅವರ ಕಣ್ಣೆದುರು ಬರುವುದಿಲ್ಲ. ಹಾಗಾಗಿ ಒಂದು ಸೀರೆಗೆ ಒಂದು ಸಂದರ್ಭ, ಹೆಚ್ಚೆಂದರೆ ಎರಡು.

ಯಾವುದೆಂದು ಸೀರೆಯೇ ಹೇಳುತ್ತದೆ. ಬಿಳಿ ಒಡಲು, ಕಸವಿನ ಅಂಚು ಇದ್ದರೆ ಓಣಂ. ನೆರೆಯ ಮಲಯಾಳಿಗಳು ಹಿರಿಯರಿಂದ ಪಡೆಯುವ ಹೊಸ ಬಟ್ಟೆಗೆ ‘ಓಣಕ್ಕೋಡಿ’ ಎನ್ನುತ್ತಾರೆ, ಆ ಪದವನ್ನೇ ಬರೆಯಿರಿ. ಕಪ್ಪು ಒಡಲಿನ ಸೀರೆಗೆ ಸೀಮಂತದ ಹೆಸರು ಅಂಟಿಸಬೇಡಿ, ಕೊಂಡವರು ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಸಣ್ಣ ಚೌಕುಳಿಯ ತಿಳಿಹಸಿರು ಹತ್ತಿ ಸೀರೆಯೊಂದು ನಿಮ್ಮಲ್ಲಿದೆ ಎಂದಿಟ್ಟುಕೊಳ್ಳೋಣ. ನಾನಾದರೆ ಅದನ್ನು ನಿವೃತ್ತರಾಗುವ ಟೀಚರಿಗೆ ಇಡುತ್ತೇನೆ. ಮಾರ್ಚ್‌ನಿಂದ ಮೇ ತನಕ ನಮ್ಮ ಶಾಲೆಗಳಲ್ಲಿ ಬೀಳ್ಕೊಡುಗೆಗಳ ಸಾಲು. ಸಹೋದ್ಯೋಗಿಗಳು ಹಣ ಒಟ್ಟುಗೂಡಿಸುತ್ತಾರೆ, ಒಬ್ಬರು ಕೊಳ್ಳುತ್ತಾರೆ. ಬರೆಯಬೇಕಾದದ್ದು ಆ ಒಬ್ಬರಿಗೆ.

ಶೀರ್ಷಿಕೆಯಲ್ಲಿ ವಸ್ತುವಷ್ಟೇ ಇರಲಿ: ‘ಕಾಸರಗೋಡು ಕೈಮಗ್ಗದ ಹತ್ತಿ ಸೀರೆ, ತಿಳಿಹಸಿರು ಚೌಕುಳಿ, ರವಿಕೆ ಬಟ್ಟೆ ಸಹಿತ.’ ಸಂದರ್ಭ ವಿವರದ ಮೊದಲ ಸಾಲಿಗೆ ಬರಲಿ, ಏಕೆಂದರೆ ಮೊಬೈಲ್‌ನಲ್ಲಿ ಮೊದಲೆರಡು ಸಾಲು ಕಂಡು ಉಳಿದದ್ದು ಅಡಗಿಕೊಳ್ಳುತ್ತದೆ:

‘ನಿವೃತ್ತರಾಗುತ್ತಿರುವ ಟೀಚರಿಗೆ, ಸಹೋದ್ಯೋಗಿಗಳೆಲ್ಲ ಸೇರಿ ಕೊಡಲು. ಏಪ್ರಿಲ್‌ನ ಸೆಕೆಯಲ್ಲೂ ಉಡಬಹುದಾದ ಹಗುರ ಹತ್ತಿ. ಪೆಟ್ಟಿಗೆಯಲ್ಲಿ ಕಟ್ಟಿ, ನಿಮ್ಮ ಮಾತು ಬರೆದ ಕಾರ್ಡಿನೊಂದಿಗೆ ಕಳುಹಿಸುತ್ತೇವೆ.’

ರವಿಕೆ ಬಟ್ಟೆ ಸೇರಿದೆಯೇ ಎಂಬುದನ್ನು ಎಂದೂ ಬಿಡಬೇಡಿ. ತನಗಾಗಿ ಕೊಳ್ಳುವವಳು ಹೊಂದುವ ರವಿಕೆಯನ್ನು ಹೇಗೋ ಹುಡುಕಿಕೊಳ್ಳುತ್ತಾಳೆ. ಕೊಡುವವರಿಗೆ ರವಿಕೆ ಬಟ್ಟೆಯಿಲ್ಲದ ಸೀರೆ ಅರ್ಧ ಉಡುಗೊರೆ ಕೊಟ್ಟಂತೆ.

ಇನ್ನು ಕಟ್ಟುವ ಮಾತು. ‘ಗಿಫ್ಟ್ ಪ್ಯಾಕಿಂಗ್ ಲಭ್ಯ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಕಂದು ಕಾಗದದ ಗಟ್ಟಿ ಪೆಟ್ಟಿಗೆ, ಒಳಗೆ ಬಿಳಿ ತೆಳುಕಾಗದ, ಹತ್ತಿಯ ದಾರ, ಹೆಚ್ಚುವರಿ 60 ರೂಪಾಯಿ’ ಎಂದು ಬರೆದು, ಕಟ್ಟಿದ ಪೆಟ್ಟಿಗೆಯ ಒಂದು ಫೋಟೋ ಹಾಕಿ. ಬೆಲೆ ನಿಮ್ಮ ಲೆಕ್ಕ: ಸಾಮಾನಿಗೆ 35 ತಗುಲಿದರೆ ಉಳಿದದ್ದು ಕೈಕೆಲಸಕ್ಕೆ. ಈ ಪೆಟ್ಟಿಗೆ ವೇದಿಕೆಯ ಮೇಲೆ ಕೈಯಿಂದ ಕೈಗೆ ಹೋಗಬೇಕಾದದ್ದು, ಆದ್ದರಿಂದ ಅದನ್ನೇ ಕೊರಿಯರ್ ಪೆಟ್ಟಿಗೆಯಾಗಿಸದೆ ಇನ್ನೊಂದು ರಟ್ಟಿನ ಪೆಟ್ಟಿಗೆಯೊಳಗಿಡಿ. ಜೂನ್ ನಂತರ ನಡುವೆ ಪ್ಲಾಸ್ಟಿಕ್ ಹೊದಿಕೆಯೂ ಬೇಕು. ನಮ್ಮ ಮಳೆಗೆ ಕಾಗದದ ಪೆಟ್ಟಿಗೆ ಹಪ್ಪಳದಂತೆ ಮೆತ್ತಗಾಗುತ್ತದೆ.

ಬೆಲೆಯ ಚೀಟಿಯನ್ನು ಸೀರೆಯಿಂದ ಬಿಚ್ಚಿ, ‘ಪೆಟ್ಟಿಗೆಯೊಳಗೆ ಬೆಲೆ ಕಾಣಿಸದು’ ಎಂದು ವಿವರದಲ್ಲಿ ತಿಳಿಸಿ. ನೇರವಾಗಿ ಪಡೆಯುವವರ ವಿಳಾಸಕ್ಕೆ ಹೋಗುವ ಉಡುಗೊರೆಯಾದರೆ, ಸರಕು ತಲುಪಿದಾಗ ಹಣ ಕೊಡುವ ಸೌಲಭ್ಯವನ್ನು ಮುಚ್ಚಿಬಿಡಿ. ಹೀಗೆ ಮಾಡದೆ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ಗಂಡನೊಬ್ಬ ಹೆಂಡತಿಯ ಹುಟ್ಟುಹಬ್ಬಕ್ಕೆ ಆರ್ಡರ್ ಮಾಡಿದ್ದ. ಕೊರಿಯರಿನವನು ಅವಳ ಬಳಿಯೇ ಹಣ ಕೇಳಿದ. ಪಾರ್ಸೆಲ್ ಮರಳಿ ನನ್ನ ಜಗಲಿಗೆ ಬಂತು.

ಕಾರ್ಡಿಗೆ ಎರಡು ಖಾಲಿ ಜಾಗ ಕೊಡಿ: ‘ಏನು ಬರೆಯಬೇಕು’ ಮತ್ತು ‘ಯಾರ ಹೆಸರಿನಲ್ಲಿ’. ಎರಡನೆಯದು ಇಲ್ಲದಿದ್ದರೆ ಜನ ‘ಶುಭಾಶಯಗಳು’ ಎಂದಷ್ಟೇ ಬರೆದು ಬಿಡುತ್ತಾರೆ, ಕಳುಹಿಸಿದವರು ಯಾರೆಂದೇ ತಿಳಿಯುವುದಿಲ್ಲ. ಅಂಗೈಯಗಲದ ಕಾರ್ಡಿನಲ್ಲಿ ಕೈಬರಹದಲ್ಲಿ ಇಪ್ಪತ್ತೈದು ಪದ ಹಿಡಿಸುತ್ತದೆ, ಆ ಮಿತಿಯನ್ನು ಮೊದಲೇ ತಿಳಿಸಿ. ಹನ್ನೆರಡು ಮಂದಿ ಸೇರಿ ಕೊಡುವಾಗ ಎಲ್ಲರ ಹೆಸರೂ ಬೇಕೆನ್ನುವವರಿದ್ದಾರೆ. ಅಂಥವರಿಗೆ ಖಾಲಿ ಕಾರ್ಡ್ ಇಟ್ಟು ಕಳುಹಿಸುವ ಆಯ್ಕೆಯಿರಲಿ, ಸಹಿ ಅವರೇ ಹಾಕಿಕೊಳ್ಳುತ್ತಾರೆ. ಲಿಪಿ ಕನ್ನಡವೋ ಮಲಯಾಳವೋ ಎಂದೂ ಕೇಳಿ. ಮಲಯಾಳ ಬರೆಯಲು ನಿಮಗೆ ಬಾರದಿದ್ದರೆ ಆ ಆಯ್ಕೆ ಕೊಡಲೇಬೇಡಿ: ತಪ್ಪಾಗಿ ಬರೆದ ಟೀಚರ ಹೆಸರನ್ನು ಮೊದಲು ಓದುವವರು ಆ ಟೀಚರೇ.

ಕೊನೆಯ ಸಾಲಿನಲ್ಲಿ, ಕಟ್ಟಲು ಒಂದು ದಿನ ಹೆಚ್ಚು ಬೇಕೆಂದೂ ಪಾರ್ಸೆಲ್ ನಿಮ್ಮ ಕೈಯಿಂದ ಯಾವ ದಿನ ಹೊರಡುತ್ತದೆ ಎಂದೂ ಬರೆಯಿರಿ. ತಲುಪುವ ದಿನದ ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ.