ನೀರೆಲ್ಲ ಹೋದ ಮೇಲೂ ಕೂರುವ ಮಣ್ಣು

ಸೇತುವೆ ಹತ್ತುವಾಗ ಗಾಡಿ ಒಮ್ಮೆ ಧಡ್ ಅಂತ ಎಗರುತ್ತಲ್ಲ, ಅದರ ಬಗ್ಗೆ ಜನ ನನ್ನನ್ನು ಆಗಾಗ ಕೇಳುತ್ತಾರೆ. ಕಳಪೆ ಕೆಲಸ ಅಲ್ವಾ ಸಾರ್, ರೋಲರ್ ಸರಿಯಾಗಿ ಓಡಿಸಿಲ್ಲ ಅಲ್ವಾ ಅಂತ. ಎಷ್ಟೋ ಕಡೆ ಅದು ನಿಜವೇ. ಆದರೆ ಕರಾವಳಿಯ ಹಿನ್ನೀರಿನ ನೆಲದಲ್ಲಿ, ಅದರಲ್ಲೂ ಕೊಳೆತ ಎಲೆ, ಬೇರು, ಮರದ ಚೂರು ಸೇರಿಕೊಂಡ ಕಪ್ಪು ಜೇಡಿಮಣ್ಣಿನ ಮೇಲೆ ಏರಿ ಹಾಕಿದಾಗ, ರೋಲರ್ ಎಷ್ಟು ಚೆನ್ನಾಗಿ ಓಡಿಸಿದರೂ ರಸ್ತೆ ಕೂರುತ್ತದೆ. ಕೂರುವುದು ಏರಿಯ ಮಣ್ಣಲ್ಲ, ಅದರ ಕೆಳಗಿನ ನೆಲ.

ಇದಕ್ಕೆ ಕೇರಳದ ಕುಟ್ಟನಾಡಿಗಿಂತ ಒಳ್ಳೆಯ ಉದಾಹರಣೆ ನಮ್ಮ ಸುತ್ತಮುತ್ತ ಸಿಗುವುದು ಕಷ್ಟ. ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಜಾಗ ಅದು. ಅಲ್ಲಿನ ಕೆಲವು ಗದ್ದೆಗಳನ್ನು 'ಕರಿ' ನೆಲ ಅಂತಲೇ ಕರೆಯುತ್ತಾರೆ. ಮಣ್ಣು ಕಪ್ಪು, ಅಗೆದರೆ ಹಳೆಯ ಮರದ ತುಂಡುಗಳು ಸಿಗುತ್ತವೆ. ಬೋರ್‌ಹೋಲ್‌ನಿಂದ ಟ್ಯೂಬ್ ಮೇಲೆ ಬಂದಾಗ ಮೊದಲು ಗೊತ್ತಾಗುವುದು ವಾಸನೆಯಿಂದ, ಕೊಳೆತ ಮೊಟ್ಟೆಯ ವಾಸನೆ. ಬೆರಳಲ್ಲಿ ಹಿಸುಕಿದರೆ ನುಣ್ಣಗೆ ಜಾರುತ್ತದೆ, ನಡುವೆ ನಾರು ಸಿಗುತ್ತದೆ. ವಾಸನೆ ನಂಬಿ ಡಿಸೈನ್ ಮಾಡಲು ಆಗುವುದಿಲ್ಲ, ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಮಣ್ಣು ಹರಿಯುವಷ್ಟು ಮೆತ್ತಗಾಗಲು ಬೇಕಾದ ತೇವಾಂಶ, ಅಂದರೆ ಲಿಕ್ವಿಡ್ ಲಿಮಿಟ್ ಅನ್ನು ಹಸಿಯಾಗಿ ಒಮ್ಮೆ, ಓವನ್‌ನಲ್ಲಿ ಒಣಗಿಸಿ ಮತ್ತೊಮ್ಮೆ ತೆಗೆಯಬೇಕು. ಒಣಗಿಸಿದ ಮೇಲೆ ಅದು ಮುಕ್ಕಾಲು ಪಾಲಿಗಿಂತ ಕೆಳಗೆ ಇಳಿದರೆ ಮಣ್ಣು ಸಾವಯವ. ಖರ್ಚು ಏನೂ ಇಲ್ಲ. ಆದರೂ ಬಹಳ ರಿಪೋರ್ಟ್‌ಗಳಲ್ಲಿ ಇದು ಇರುವುದಿಲ್ಲ, ಸುಮ್ನೆ 'ಕಪ್ಪು ಮೆತ್ತನೆ ಜೇಡಿ' ಅಂತ ಬರೆದು ಮುಗಿಸಿರುತ್ತಾರೆ.

ಈಗ ವಿಷಯಕ್ಕೆ ಬರೋಣ. ಮೆತ್ತನೆ ಮಣ್ಣಿನ ಮೇಲೆ ಭಾರ ಹೇರಿದಾಗ ಆ ಭಾರವನ್ನು ಮೊದಲು ಹೊರುವುದು ಮಣ್ಣಿನೊಳಗಿನ ನೀರು. ನೀರಿನ ಒತ್ತಡ ಏರುತ್ತದೆ, ನೀರು ಮೆಲ್ಲಗೆ ಹೊರಗೆ ಹೋಗುತ್ತದೆ, ಹೋದಷ್ಟೂ ನೆಲ ಕೂರುತ್ತದೆ. ಹೆಚ್ಚುವರಿ ಒತ್ತಡ ಪೂರ್ತಿ ಇಳಿದಾಗ ಈ ಹಂತ ಮುಗಿಯಿತು. ಇದು ಪ್ರೈಮರಿ ಕನ್ಸಾಲಿಡೇಶನ್. ಸಿವಿಲ್ ಓದಿದ ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ನೆಲ ಕೂರುವುದು ಅಲ್ಲಿಗೆ ನಿಲ್ಲುವುದಿಲ್ಲ. ಭಾರ ಅಷ್ಟೇ ಇದೆ, ಹೆಚ್ಚುವರಿ ನೀರಿನ ಒತ್ತಡ ಸೊನ್ನೆ, ಆದರೂ ಕೂರುತ್ತಲೇ ಹೋಗುತ್ತದೆ. ಇದೇ ಸೆಕೆಂಡರಿ ಕಂಪ್ರೆಷನ್. ಬಣವೆ ಹಾಕಿದ ಹುಲ್ಲು ಮೇಲೆ ಯಾರೂ ಏನೂ ಇಡದಿದ್ದರೂ ತಿಂಗಳುಗಟ್ಟಲೆ ತಗ್ಗುತ್ತಾ ಹೋಗುವುದಿಲ್ಲವೇ, ಹಾಗೆ. ಜೇಡಿಯ ಪದರಗಳು ಒಂದರ ಮೇಲೊಂದು ಜಾರಿ ಇನ್ನಷ್ಟು ಹತ್ತಿರ ಬರುತ್ತವೆ, ನಾರುಗಳು ಬಾಗುತ್ತವೆ, ಗಿಡದ ಉಳಿಕೆಯ ಸಣ್ಣ ಸಣ್ಣ ಕೋಶಗಳ ಒಳಗೆ ಸಿಕ್ಕಿಕೊಂಡ ನೀರು ಬಹಳ ನಿಧಾನವಾಗಿ ಹೊರಗಿನ ದೊಡ್ಡ ರಂಧ್ರಗಳಿಗೆ ಬರುತ್ತದೆ.

ಇದನ್ನು ಡಚ್ ಎಂಜಿನಿಯರ್ ಕೆವರ್ಲಿಂಗ್ ಬುಯಿಸ್ಮನ್ 1936ರಲ್ಲೇ ತೋರಿಸಿದ್ದರು. ದೀರ್ಘಕಾಲ ಭಾರ ಇಟ್ಟು ನೋಡಿದ ಪರೀಕ್ಷೆಗಳಲ್ಲಿ ಮಣ್ಣು ಸಮಯದ ಲಾಗರಿದಮ್‌ಗೆ ತಕ್ಕಂತೆ ಕೂರುತ್ತದೆ ಅಂತ ಅವರು ಹೇಳಿದರು. ಅಂದರೆ 1 ವರ್ಷದಿಂದ 10 ವರ್ಷಕ್ಕೆ ಎಷ್ಟು ಕೂರುತ್ತದೋ, 10ರಿಂದ 100ಕ್ಕೆ ಮತ್ತೆ ಸುಮಾರು ಅಷ್ಟೇ. ಹತ್ತು ಪಟ್ಟು ಸಮಯಕ್ಕೆ ಆಗುವ ಈ ಇಳಿತವನ್ನು ಲೆಕ್ಕ ಹಾಕಲು ಬಳಸುವ ಸಂಖ್ಯೆ Cα. 1977ರಲ್ಲಿ ಮೆಸ್ರಿ ಮತ್ತು ಗೊಡ್ಲೆವ್ಸ್ಕಿ ಇದಕ್ಕೆ ಇನ್ನೊಂದು ಕೊಂಡಿ ಕೊಟ್ಟರು. ಒಂದೇ ಮಣ್ಣಿನಲ್ಲಿ Cα ಮತ್ತು ಭಾರ ಏರಿದಾಗ ಮಣ್ಣು ಎಷ್ಟು ಕುಗ್ಗುತ್ತದೆ ಅಂತ ಹೇಳುವ ಕಂಪ್ರೆಷನ್ ಇಂಡೆಕ್ಸ್ Cc ಇವೆರಡರ ಅನುಪಾತ ಹೆಚ್ಚು ಕಡಿಮೆ ಬದಲಾಗುವುದಿಲ್ಲ ಅಂತ. ಸಾಮಾನ್ಯ ಜೇಡಿಗೆ ಅದು 0.04ರ ಆಸುಪಾಸು, ಸಾವಯವ ಜೇಡಿಗೆ 0.05, ಪೂರ್ತಿ ನಾರಿನ ಪೀಟ್ ಮಣ್ಣಿಗೆ 0.06. ನೋಡಲು ವ್ಯತ್ಯಾಸ ಸಣ್ಣದು. ಆದರೆ ಸಾವಯವ ಮಣ್ಣಿನಲ್ಲಿ Cc ಕೂಡ ತುಂಬಾ ದೊಡ್ಡದು. ಎರಡೂ ಗುಣಿಸಿಕೊಂಡಾಗ ಏಟು ಬೀಳುತ್ತದೆ.

ಇಂಥ ನೆಲಕ್ಕೆ ಹೊಂದುವ ಅಂಕಿಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಮೇಲೆ 1 ಮೀಟರ್ ಗಟ್ಟಿ ಪದರ, ಅದರ ಕೆಳಗೆ 4 ಮೀಟರ್ ಸಾವಯವ ಜೇಡಿ. ಇದರ ವಾಯ್ಡ್ ರೇಶಿಯೋ 3. ಹಾಗಂದರೆ ಆ 4 ಮೀಟರ್‌ನಲ್ಲಿ ಗಟ್ಟಿ ವಸ್ತು ಇರುವುದು 1 ಮೀಟರ್ ಮಾತ್ರ, ಉಳಿದ 3 ಮೀಟರ್ ನೀರು! ಆ ಪದರದ ಮಧ್ಯದಲ್ಲಿ ಈಗಿರುವ ಪರಿಣಾಮಕಾರಿ ಒತ್ತಡ, ಅಂದರೆ ನೀರು ಬಿಟ್ಟು ಮಣ್ಣಿನ ಕಣಗಳೇ ಹೊರುವ ಒತ್ತಡ, ಚದರ ಮೀಟರ್‌ಗೆ 2.5 ಟನ್. 3 ಮೀಟರ್ ಎತ್ತರದ ಏರಿ ಹಾಕಿದರೆ ಇನ್ನೂ 6 ಟನ್ ಸೇರಿ 8.5 ಆಗುತ್ತದೆ. Cc 1.2, Cα ಅದರ 0.05 ಪಾಲು, ಅಂದರೆ 0.06. ಕೆಳಗಿನ 1 ಮೀಟರ್ ಆ ಗಟ್ಟಿ ವಸ್ತುವಿನ ದಪ್ಪ, t1 ಲೆಕ್ಕ ಶುರುವಾಗುವ ಸಮಯ, t2 ಮುಗಿಯುವ ಸಮಯ.

```
ಪ್ರೈಮರಿ   = 1.2 × log(8.5/2.5) × 1 ಮೀ = 0.64 ಮೀ
ಸೆಕೆಂಡರಿ = 0.06 × log(t2/t1) × 1 ಮೀ
```

64 ಸೆಂಟಿಮೀಟರ್ ಪ್ರೈಮರಿ. ಇದಕ್ಕೆ ಎಲ್ಲರೂ ತಯಾರಾಗಿರುತ್ತಾರೆ. ಪ್ಲಾಸ್ಟಿಕ್ ಬ್ಯಾಂಡ್ ಡ್ರೈನ್‌ಗಳನ್ನು ಒಂದು, ಒಂದೂವರೆ ಮೀಟರ್ ಅಂತರದಲ್ಲಿ ನೆಲಕ್ಕೆ ಚುಚ್ಚಿ, ವರ್ಷಗಟ್ಟಲೆ ಹಿಡಿಯುವುದನ್ನು ಆರು ತಿಂಗಳಲ್ಲಿ ಮುಗಿಸುತ್ತಾರೆ. ಆಮೇಲೆ ರಿಪೋರ್ಟ್ ಬರುತ್ತದೆ: ಕನ್ಸಾಲಿಡೇಶನ್ ಮುಗಿದಿದೆ, ಡಾಂಬರು ಹಾಕಬಹುದು. ನನಗೆ ತಕರಾರು ಇರುವುದು ಈ ವಾಕ್ಯದ ಮೇಲೆ. ಡ್ರೈನ್‌ಗಳು ನೀರು ಹೋಗುವ ದಾರಿಯನ್ನು ಹತ್ತಿರ ಮಾಡುತ್ತವೆ, ಅಷ್ಟೇ. ಸೆಕೆಂಡರಿಯನ್ನು ಅವು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಅದು ಏಳನೇ ವರ್ಷದಲ್ಲಿ ಶುರುವಾಗುವ ಬದಲು ಆರನೇ ತಿಂಗಳಲ್ಲೇ ಶುರುವಾಗುತ್ತದೆ, ರಸ್ತೆಯ ಇಡೀ ಆಯುಷ್ಯ ಅದರ ಮೇಲೆಯೇ ಕಳೆಯುತ್ತದೆ.

ಏರಿ ಹಾಕಿ ಒಂದು ವರ್ಷಕ್ಕೆ ಡಾಂಬರು ಹಾಕಿದರು ಅಂತಿಟ್ಟುಕೊಳ್ಳಿ. ಒಂದರಿಂದ ಹತ್ತನೇ ವರ್ಷದೊಳಗೆ 6 ಸೆಂಟಿಮೀಟರ್, ಮೂವತ್ತನೇ ವರ್ಷದ ಹೊತ್ತಿಗೆ ಒಟ್ಟು 9 ಸೆಂಟಿಮೀಟರ್ ಕೂರುತ್ತದೆ. ಬಯಲಿನಲ್ಲಿ ಉದ್ದಕ್ಕೂ ಒಂದೇ ಥರ ಕೂತರೆ ಯಾರಿಗೂ ಗೊತ್ತಾಗುವುದೇ ಇಲ್ಲ. ಸೇತುವೆ ಹತ್ತಿರ ಹಾಗಲ್ಲ. ಸೇತುವೆ ಪೈಲ್‌ಗಳ ಮೇಲೆ ನಿಂತಿದೆ, ಅಲ್ಲಾಡುವುದಿಲ್ಲ. ಪಕ್ಕದ ಏರಿ ಮಾತ್ರ ಕೂರುತ್ತದೆ. ಎರಡನ್ನೂ ಜೋಡಿಸುವುದು ನಡುವಿನ 3.5 ಮೀಟರ್‌ನ ಕಾಂಕ್ರೀಟ್ ಹಲಗೆ, ಅಪ್ರೋಚ್ ಸ್ಲ್ಯಾಬ್. ಇಳಿಜಾರು ಇನ್ನೂರಕ್ಕೆ ಒಂದರಷ್ಟು ಬದಲಾದರೆ ಗಾಡಿಯಲ್ಲಿ ಕೂತವರಿಗೆ ಎಗರು ತಿಳಿಯಲು ಶುರುವಾಗುತ್ತದೆ ಅನ್ನುವುದು ವಾಡಿಕೆಯ ಮಿತಿ. 3.5 ಮೀಟರ್‌ಗೆ ಅದು ಒಂದೂಮುಕ್ಕಾಲು ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಅಷ್ಟು ಕೂರಲು ಎಷ್ಟು ದಿನ ಬೇಕು? ಡಾಂಬರು ಹಾಕಿ ಇನ್ನೊಂದು ವರ್ಷ. ಹತ್ತಲ್ಲ, ಒಂದೇ ವರ್ಷ! ಎಗರು ಕಂಡ ತಕ್ಷಣ ಅದರ ಮೇಲೆ ಡಾಂಬರು ಸುರಿದು ಮಟ್ಟ ಮಾಡುತ್ತಾರೆ. ಗಾಡಿಗೆ ಅದು ಬೇಕೇ ಬೇಕು. ಆದರೆ ಸುರಿದ ಡಾಂಬರಿಗೂ ತೂಕ ಇದೆ, ಕೂರುವ ಮಣ್ಣಿನ ಮೇಲೆ ಅದೂ ಭಾರವೇ.

ಹಾಗಾದರೆ ಏನು ಮಾಡುವುದು? ಸಾವಯವ ಪದರ ಒಂದೆರಡು ಮೀಟರ್ ಮಾತ್ರ ಇದ್ದರೆ ಅಗೆದು ತೆಗೆದು ಮರಳು ತುಂಬಿ, ಇನ್ನೇನೂ ಯೋಚಿಸಬೇಡಿ. 4 ಮೀಟರ್ ಅದೂ ನೀರಿನ ಕೆಳಗೆ ಅಂದಾಗ ನನ್ನ ಮೊದಲ ಆಯ್ಕೆ ಸರ್‌ಚಾರ್ಜ್. ಅಂದರೆ ಕೊನೆಗೆ ಬೇಕಾದದ್ದಕ್ಕಿಂತ ಜಾಸ್ತಿ ಎತ್ತರಕ್ಕೆ ಮಣ್ಣು ಹೇರಿ, ಡ್ರೈನ್ ಜೊತೆ ಕಾಯ್ದು, ಆಮೇಲೆ ಹೆಚ್ಚಿನದನ್ನು ತೆಗೆಯುವುದು. ನಮ್ಮ ಏರಿಗೆ ಇನ್ನೂ ಒಂದೂವರೆ ಮೀಟರ್ ಹೇರಿದರೆ ಒತ್ತಡ 11.5 ಟನ್‌ಗೆ ಹೋಗುತ್ತದೆ, ಆ ಭಾರಕ್ಕೆ ಪ್ರೈಮರಿ ಸುಮಾರು 80 ಸೆಂಟಿಮೀಟರ್. ನಮಗೆ ಬೇಕಾದದ್ದು ಏರಿಯ ಸ್ವಂತ ಪ್ರೈಮರಿ 64, ಜೊತೆಗೆ ಆರನೇ ತಿಂಗಳಿಂದ ಮೂವತ್ತು ವರ್ಷದ ಸೆಕೆಂಡರಿ ಸುಮಾರು 11, ಒಟ್ಟು 75. ಅಂದರೆ 80ರಲ್ಲಿ 75 ಕೂರುವ ತನಕ ಹೆಚ್ಚುವರಿ ಮಣ್ಣು ತೆಗೆಯಬಾರದು. ತೆಗೆದ ಮೇಲೆ ನೆಲ ಸ್ವಲ್ಪ ಉಬ್ಬುತ್ತದೆ, ಒಂದಷ್ಟು ಕಾಲ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಕೂರಲು ಶುರು ಮಾಡುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಆದರೆ ಮೊದಲಿಗಿಂತ ಬಹಳ ನಿಧಾನ. ಎಷ್ಟು ಜಾಸ್ತಿ ಹೇರಿದ್ದಿರೋ ಆ ಸುಮ್ಮನಿರುವ ಕಾಲ ಅಷ್ಟು ಉದ್ದ.

ಇಲ್ಲೊಂದು ಅಪಾಯ ಇದೆ. ಇಂಥ ಮಣ್ಣಿನ ಶಿಯರ್ ಬಲ ಚದರ ಮೀಟರ್‌ಗೆ 1.2 ಟನ್ ಅಂದರೆ, ಅದು ತಡೆಯುವ ಭಾರ ಸುಮಾರು ಅದರ ಐದು ಪಟ್ಟು, 6 ಟನ್. ನಮ್ಮ 3 ಮೀಟರ್ ಏರಿಯೇ 6 ಟನ್! ಒಂದೇ ಸಲ ಹೇರಿದರೆ ಏರಿ ಬಿರುಕು ಬಿಟ್ಟು ಪಕ್ಕದ ಗದ್ದೆ ಉಬ್ಬುತ್ತದೆ. ಹಾಗಾಗಿ ಹಂತ ಹಂತವಾಗಿ ಹೇರಬೇಕು. ಒಂದಷ್ಟು ಎತ್ತರ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಮಣ್ಣು ಬಲ ತುಂಬಿಕೊಂಡ ಮೇಲೆ ಮುಂದಿನ ಹಂತ. ಕೆಲಸದ ಅವಧಿಯಲ್ಲಿ ಈ ಕಾಯುವ ಸಮಯವನ್ನು ಮೊದಲೇ ಬರೆದಿಡದಿದ್ದರೆ ಕೊನೆಯಲ್ಲಿ ಕತ್ತರಿ ಬೀಳುವುದು ಸರ್‌ಚಾರ್ಜ್‌ಗೇ. ಇದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಸೈಟಿನಲ್ಲಿ ಗೊತ್ತಾಗುವುದು ಹೇಗೆ? ಸೆಟ್ಲ್‌ಮೆಂಟ್ ಪ್ಲೇಟ್‌ಗಳ ರೀಡಿಂಗ್ ಅನ್ನು ಸಾಮಾನ್ಯ ಸಮಯದ ಗ್ರಾಫ್‌ನಲ್ಲಿ ಹಾಕಿದರೆ ಗೆರೆ ಕೊನೆಗೆ ಮಟ್ಟಸವಾಗಿ ಕಾಣುತ್ತದೆ, ನಿಂತಿತು ಅನ್ನಿಸುತ್ತದೆ. ಅದೇ ರೀಡಿಂಗ್‌ಗಳನ್ನು ಲಾಗ್ ಸಮಯಕ್ಕೆ ಹಾಕಿ ನೋಡಿ, ಬಾಲ ನೇರವಾಗಿ ಕೆಳಗೆ ಇಳಿಯುತ್ತಲೇ ಇರುತ್ತದೆ. ಆ ಬಾಲದ ಇಳಿಜಾರೇ ನಿಮ್ಮ ಸೆಕೆಂಡರಿ. ಪ್ರೈಮರಿ ಮುಗಿದದ್ದನ್ನು ಹೇಳಬೇಕಾದದ್ದು ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್. ಅದನ್ನು ಎರಡು ಡ್ರೈನ್‌ಗಳ ನಡುಮಧ್ಯೆ ಇಡಬೇಕು, ಡ್ರೈನ್ ಪಕ್ಕದಲ್ಲಿ ಇಟ್ಟರೆ ಒತ್ತಡ ಬೇಗ ಇಳಿದಂತೆ ತೋರಿಸುತ್ತದೆ.

ಲ್ಯಾಬ್‌ನಲ್ಲೂ ಒಂದು ಮಾತು ಹೇಳಿಡಿ. ಮಾಮೂಲಿ ಕನ್ಸಾಲಿಡೇಶನ್ ಪರೀಕ್ಷೆಯಲ್ಲಿ ಪ್ರತಿ ಭಾರವನ್ನು 24 ಗಂಟೆ ಇಟ್ಟು ಮುಂದಕ್ಕೆ ಹೋಗುತ್ತಾರೆ. 20 ಮಿಲಿಮೀಟರ್ ದಪ್ಪದ ಬಿಲ್ಲೆಯಲ್ಲಿ ಪ್ರೈಮರಿ ಬೇಗ ಮುಗಿದು ಉಳಿದ ಹೊತ್ತು ಸೆಕೆಂಡರಿಯೇ ನಡೆದಿರುತ್ತದೆ, ಅಂದರೆ ಮಾಹಿತಿ ಅಲ್ಲೇ ಇರುತ್ತದೆ. ಯಾರೂ ಕೇಳುವುದಿಲ್ಲ, ಅದಕ್ಕೇ ಲ್ಯಾಬ್‌ನವರು ಬರೆದು ಕೊಡುವುದಿಲ್ಲ. ಪ್ರತಿ ಹಂತದ ಸಮಯದ ರೀಡಿಂಗ್ ಬೇಕು ಅಂತ ಕೇಳಿ, ಏರಿಯ ಕೊನೆಯ ಒತ್ತಡಕ್ಕೆ ಹತ್ತಿರದ ಭಾರವನ್ನು ಒಂದು ವಾರ ಹಾಗೇ ಇಡಲು ಹೇಳಿ. ತೇವಾಂಶಕ್ಕೆ ಒಣಗಿಸುವಾಗ 105 ಡಿಗ್ರಿಯ ಬದಲು 60 ಡಿಗ್ರಿಯಲ್ಲಿ ಜಾಸ್ತಿ ಹೊತ್ತು ಇಡಲಿ, ಇಲ್ಲದಿದ್ದರೆ ಸಾವಯವ ಅಂಶವೂ ಸುಟ್ಟು ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.