ಸಂದರ್ಶನದ ಟಿಪ್ಪಣಿ: ಆರು ತಿಂಗಳ ನಂತರ ಓದುವವರಿಗಾಗಿ

‘ಹುಡುಗ ಒಳ್ಳೆಯವನು. ವಿಷಯ ಗೊತ್ತಿದೆ. ಆತ್ಮವಿಶ್ವಾಸ ಸಾಲದು, ಇಂಗ್ಲಿಷ್ ಸುಮಾರು. ಮಂಡ್ಯದಿಂದ ಓಡಾಡಬೇಕು. ಬೇಡ.’

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಎಂಜಿನಿಯರ್ ಹುದ್ದೆಗೆ ನಡೆದ ಸಂದರ್ಶನದ ಟಿಪ್ಪಣಿ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆದವರು ಇಪ್ಪತ್ತು ವರ್ಷ ಯಂತ್ರಗಳ ನಡುವೆ ಪಳಗಿದ ಉತ್ಪಾದನಾ ವ್ಯವಸ್ಥಾಪಕರು. ಅವರ ಅಂದಾಜು ಸುಲಭಕ್ಕೆ ತಪ್ಪುವುದಿಲ್ಲ. ತೊಂದರೆ ಇರುವುದು ಅವರ ಬರಹದಲ್ಲಿ. ಆರು ತಿಂಗಳ ನಂತರ ಆಡಳಿತ ಮಂಡಳಿಯೋ ಲೆಕ್ಕಪರಿಶೋಧಕರೋ ಈ ಕಡತ ತೆರೆದು, ‘ಇವರನ್ನು ಬಿಟ್ಟು ಇನ್ನೊಬ್ಬರನ್ನು ತೆಗೆದುಕೊಂಡದ್ದು ಏಕೆ?’ ಎಂದು ಕೇಳಿದರೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಅಭ್ಯರ್ಥಿ ಏನು ಹೇಳಿದರು ಎಂಬುದೇ ಇಲ್ಲಿಲ್ಲ. ಇರುವುದೆಲ್ಲ ಬರೆದವರ ಮನಸ್ಸಿಗೆ ಅನ್ನಿಸಿದ್ದು.

ಅದೇ ಸಂದರ್ಶನದಲ್ಲಿ ನಿಜವಾಗಿ ನಡೆದದ್ದನ್ನು ನೋಡೋಣ. ‘ಗ್ರಾಹಕರಿಂದ ಬಂದ ಒಂದು ದೂರನ್ನು ನೀವು ಹೇಗೆ ಬಗೆಹರಿಸಿದಿರಿ?’ ಎಂಬ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳಲಾಗಿತ್ತು. ಈ ಅಭ್ಯರ್ಥಿ ಹೇಳಿದ್ದು ಹೀಗೆ: ಬುಷ್‌ನ ಒಳವ್ಯಾಸ ಕಡಿಮೆಯಾಗಿ ಶಾಫ್ಟ್ ಕೂರುತ್ತಿಲ್ಲ ಎಂದು ದೂರು ಬಂತು. ಗೋದಾಮಿನಲ್ಲಿದ್ದ ಮಾಲನ್ನು ಮೊದಲು ಬೇರೆ ಇಟ್ಟರು. ಗೇಜ್ ಸರಿಯಿದೆಯೇ ಎಂದು ಪರೀಕ್ಷಿಸಿದರು, ಸರಿಯಿತ್ತು. ಕೊರೆಯುವ ಇನ್ಸರ್ಟ್ ಸವೆದಿರುವುದು ಆಮೇಲೆ ಕಂಡುಬಂತು. 400 ಬಿಡಿಭಾಗಗಳಿಗೊಮ್ಮೆ ಬದಲಿಸಬೇಕಾದ ಇನ್ಸರ್ಟನ್ನು ರಾತ್ರಿ ಪಾಳಿಯಲ್ಲಿ 600ರವರೆಗೂ ಓಡಿಸುತ್ತಿದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಯಾರು ಬೇಕಾದರೂ ಹೇಳುವ ಉತ್ತರ. ಗುಣಮಟ್ಟ ವಿಭಾಗದ ಮುಖ್ಯಸ್ಥರು ಮುಂದುವರಿದು, ‘ರಾತ್ರಿ ಪಾಳಿಯವರು ಮಾತ್ರ ಏಕೆ ಬದಲಿಸುತ್ತಿರಲಿಲ್ಲ?’ ಎಂದು ಕೇಳಿದರು. ‘ರಾತ್ರಿ ಸ್ಟೋರ್ಸ್‌ಗೆ ಬೀಗ ಹಾಕಿರುತ್ತದೆ ಸರ್, ಹೊಸ ಇನ್ಸರ್ಟ್ ಸಿಗುತ್ತಿರಲಿಲ್ಲ. ನಾನೇ ಎರಡು ರಾತ್ರಿ ಉಳಿದು ನೋಡಿದೆ’ ಎಂದರು ಅಭ್ಯರ್ಥಿ. ದೂರಿನ ಬೇರನ್ನು ತಾವೇ ಹುಡುಕಿದರು ಎಂಬುದಕ್ಕೆ ಈ ಮಾತೇ ಆಧಾರ. ಟಿಪ್ಪಣಿಯಲ್ಲಿ ಈ ಸಾಲು, ಸಾಧ್ಯವಾದಷ್ಟೂ ಅವರ ಮಾತಿನಲ್ಲೇ, ಇರಬೇಕಿತ್ತು. ಅಭ್ಯರ್ಥಿಗಳು ‘ನಾವು ಮಾಡಿದೆವು’ ಎನ್ನುವುದು ಹೆಚ್ಚು. ಆ ‘ನಾವು’ ಒಳಗೆ ಇವರ ಪಾಲೆಷ್ಟು ಎಂದು ವಿಚಾರಿಸಿ ಬಂದ ಉತ್ತರಕ್ಕೆ ಮಿಕ್ಕೆಲ್ಲಕ್ಕಿಂತ ಬೆಲೆ ಜಾಸ್ತಿ.

ಮುಂದಿನ ಪ್ರಶ್ನೆ: ‘ಸರಿಹೋಯಿತು ಎಂದು ಹೇಗೆ ಗೊತ್ತಾಯಿತು?’ ಉತ್ತರ: ‘ಮತ್ತೆ ದೂರು ಬರಲಿಲ್ಲ.’ ಇದು ದುರ್ಬಲ. ನಂತರದ ಲಾಟ್‌ಗಳ ಅಳತೆಯನ್ನು ನೋಡಿದ್ದೀರಾ ಎಂದು ಮತ್ತೊಮ್ಮೆ ಕೇಳಿದಾಗಲೂ ಇಲ್ಲ ಎಂದರು. ಟಿಪ್ಪಣಿಯಲ್ಲಿ ಇದನ್ನು ಬರೆಯುವಾಗ ‘ಎರಡು ಬಾರಿ ಕೇಳಲಾಯಿತು, ಅಳತೆ ನೋಡಿಲ್ಲ ಎಂದರು’ ಎಂದೇ ಬರೆಯಬೇಕು. ಕೇಳಿದರೂ ಉತ್ತರ ಬರಲಿಲ್ಲ ಎನ್ನುವುದು ಬೇರೆ, ನಾವು ಕೇಳಲೇ ಇಲ್ಲ ಎನ್ನುವುದು ಬೇರೆ. ಹೆಚ್ಚಿನ ಟಿಪ್ಪಣಿಗಳಲ್ಲಿ ಇವೆರಡೂ ‘ಗೊತ್ತಿಲ್ಲ’ ಎಂಬ ಒಂದೇ ಪದದಲ್ಲಿ ಕಲೆಸಿಹೋಗಿರುತ್ತವೆ. ನಾವು ಕೇಳದೆ ಬಿಟ್ಟದ್ದು ಅಭ್ಯರ್ಥಿಯ ಲೋಪವಾಗಿ ದಾಖಲಾಗುತ್ತದೆ. ಸಮಯ ಸಾಲದೆ ಬಿಟ್ಟುಹೋದ ವಿಷಯದ ಮುಂದೆ ‘ಕೇಳಿಲ್ಲ’ ಎಂದು ಬರೆದು, ಅಂಕದ ಜಾಗವನ್ನು ಖಾಲಿ ಬಿಡಿ. ಸೊನ್ನೆ ಹಾಕಬೇಡಿ.

ಅಂಕಗಳಿಗೆ ನಾನು 1ರಿಂದ 4ರ ಅಳತೆಯನ್ನು ಬಳಸುತ್ತೇನೆ. ಐದಿದ್ದರೆ ಎಲ್ಲರೂ ಮೂರಕ್ಕೆ ಹೋಗಿ ಕೂರುತ್ತಾರೆ. ಪ್ರತಿ ಅಂಕಕ್ಕೂ ಎಂಥ ಉತ್ತರ ಬೇಕು ಎಂಬುದನ್ನು ಸಂದರ್ಶನಕ್ಕೆ ಮೊದಲೇ ಒಂದೊಂದು ಸಾಲಿನಲ್ಲಿ ಬರೆದಿಡಬೇಕು. ಉದಾಹರಣೆಗೆ, ಕಾರಣ ಹುಡುಕುವುದರಲ್ಲಿ ‘ಕೆಲಸಗಾರರ ತಪ್ಪು’ ಎಂದು ನಿಲ್ಲಿಸಿದರೆ 2, ಆ ತಪ್ಪು ಏಕಾಯಿತು ಎಂಬಲ್ಲಿಗೆ ತಲುಪಿದರೆ 3, ತಾವೇ ಸ್ಥಳದಲ್ಲಿದ್ದು ಖಚಿತಪಡಿಸಿಕೊಂಡಿದ್ದರೆ 4. ಈ ಅಳತೆಯ ಪ್ರಕಾರ ನಮ್ಮ ಅಭ್ಯರ್ಥಿಗೆ ಕಾರಣ ಹುಡುಕುವುದರಲ್ಲಿ 4, ಪರಿಣಾಮ ಪರಿಶೀಲನೆಯಲ್ಲಿ 2.

ಒಟ್ಟಾರೆ ಅಭಿಪ್ರಾಯವನ್ನು ಕೊನೆಗೆ ಬರೆಯಬೇಕು, ಅದೂ ಬೇರೆ ಸಂದರ್ಶಕರೊಡನೆ ಮಾತನಾಡುವ ಮೊದಲು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ, ಮೈಕಟ್ಟು, ಬುದ್ಧಿ, ನಾಯಕತ್ವ ಮುಂತಾದ ಬೇರೆ ಬೇರೆ ಗುಣಗಳ ಅಂಕಗಳು ಅನುಮಾನ ಬರುವಷ್ಟು ಒಂದಕ್ಕೊಂದು ಹೊಂದಿಕೊಂಡಿರುವುದನ್ನು 1920ರಲ್ಲೇ ತೋರಿಸಿದ್ದರು. ಒಂದು ಗುಣ ಮೆಚ್ಚಿಗೆಯಾದರೆ ಉಳಿದವೂ ಮೇಲೇಳುತ್ತವೆ. ಸಂದರ್ಶನದ ಕೋಣೆಯಲ್ಲಿ ಇದರ ಜೊತೆಗೆ ಇನ್ನೊಂದಿದೆ: ಹಿರಿಯರು ಕಾಫಿ ಕುಡಿಯುತ್ತಾ ‘ಏನೋ ಸರಿಬರಲಿಲ್ಲ’ ಅಂದರೆ ಸಾಕು, ಕಿರಿಯರ ಪೆನ್ನು ಅತ್ತ ವಾಲುತ್ತದೆ.

ಮೊದಲ ಟಿಪ್ಪಣಿಯ ಉಳಿದ ಮಾತುಗಳಿಗೆ ಬರೋಣ. ‘ಇಂಗ್ಲಿಷ್ ಸುಮಾರು.’ ಅಭ್ಯರ್ಥಿ ಕನ್ನಡದಲ್ಲಿ, ನಡುನಡುವೆ ಇಂಗ್ಲಿಷ್ ಸೇರಿಸಿ ಉತ್ತರಿಸಿದ್ದರು, ಅಷ್ಟೆ. ಕಾರ್ಖಾನೆಯ ಒಳಗೆ ಮಾತಾಡುವವರೆಲ್ಲ ಕನ್ನಡದವರೇ. ಇಂಗ್ಲಿಷ್ ಬೇಕಾಗುವುದು ಗ್ರಾಹಕರಿಗೆ ವರದಿ ಬರೆಯುವಾಗ. ಹಾಗಾದರೆ ಮಾತನ್ನು ಕೇಳಿ ಅಳೆಯುವುದೇಕೆ? ಅದೇ ಬುಷ್‌ನ ದೂರಿಗೆ ಅರ್ಧ ಪುಟದ ವರದಿ ಬರೆಯಲು ಎಲ್ಲ ಅಭ್ಯರ್ಥಿಗಳಿಗೂ ಇಪ್ಪತ್ತು ನಿಮಿಷ ಕೊಟ್ಟೆವು. ಇವರ ವರದಿಯಲ್ಲಿ ಕ್ರಮವಿತ್ತು, ವಾಕ್ಯಗಳು ಎಡವಿದ್ದವು, ಅಂಕ 2. ಆ ಹಾಳೆಯನ್ನೇ ಕಡತಕ್ಕೆ ಸೇರಿಸಿದೆವು.

‘ಮಂಡ್ಯದಿಂದ ಓಡಾಡಬೇಕು’ ಎನ್ನುವುದು ನಮ್ಮ ಊಹೆ. ಕೆಲಸಕ್ಕೆ ಬೇಕಾದದ್ದು ಬೆಳಿಗ್ಗೆ 6ಕ್ಕೆ ಶುರುವಾಗುವ ಮೊದಲ ಪಾಳಿಗೆ ಬರುವುದು. ಅದನ್ನು ಸರಸ್ವತಿಪುರಂನಿಂದ ಬಂದವರಿಗೂ ಕೇಳಬೇಕು, ಉತ್ತರ ಬರೆದುಕೊಳ್ಳಬೇಕು. ಇವರು ‘ಮೈಸೂರಿನಲ್ಲೇ ಕೋಣೆ ಮಾಡುತ್ತೇನೆ’ ಎಂದರು. ‘ಯಾವ ಊರು, ತಂದೆ ಏನು ಮಾಡುತ್ತಾರೆ’ ಎಂಬ ನಮ್ಮ ಕಡೆಯ ಕುಶಲೋಪರಿ ಹೆಚ್ಚಾಗಿ ಜಾತಿಯವರೆಗೂ ಹೋಗಿ ನಿಲ್ಲುತ್ತದೆ. ಅದನ್ನು ಬರೆಯದಿದ್ದರೆ ಸಾಲದು, ಕೇಳಲೇಬಾರದು. ಮಹಿಳೆಯರಿಗೆ ಮದುವೆ, ಮಕ್ಕಳ ವಿಚಾರ ಕೇಳುವುದೂ ಹೀಗೆಯೇ. ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಷೇಧವಿದೆ. ‘ಮಗು ಚಿಕ್ಕದು’ ಎಂಬ ಎರಡು ಪದ ಕಡತದಲ್ಲಿದ್ದರೆ ನಿರಾಕರಣೆಗೆ ನಾವು ಕೊಡುವ ಬೇರೆ ಯಾವ ಕಾರಣವನ್ನೂ ಯಾರೂ ನಂಬುವುದಿಲ್ಲ.

‘ಆತ್ಮವಿಶ್ವಾಸ ಸಾಲದು’ ಎಂದದ್ದೇಕೆ ಎಂದು ವ್ಯವಸ್ಥಾಪಕರನ್ನು ಕೇಳಿದಾಗ, ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ’ ಎಂದರು. ಅದನ್ನು ಬಿಟ್ಟುಬಿಟ್ಟೆವು.

ಕೊನೆಗೆ ಬರೆದ ನಿರ್ಧಾರದ ಸಾಲುಗಳು ಇವು: ‘ಆಯ್ಕೆ ಮಾಡಬಹುದು. ಕಾರಣ ಹುಡುಕುವ ಕ್ರಮ ಗಟ್ಟಿ, ಸ್ಟೋರ್ಸ್ ಬೀಗದ ಉದಾಹರಣೆ ನೋಡಿ. ಪರಿಣಾಮವನ್ನು ಅಳತೆಯಿಂದ ಪರಿಶೀಲಿಸುವ ರೂಢಿಯಿಲ್ಲ, ವರದಿ ಬರವಣಿಗೆ ದುರ್ಬಲ. ಎರಡನ್ನೂ ಕಲಿಸಬಹುದು, ಮೊದಲ ಮೂರು ತಿಂಗಳು ವರದಿಗಳನ್ನು ವಿಭಾಗದ ಮುಖ್ಯಸ್ಥರು ತಿದ್ದಬೇಕು. ಎರಡನೆಯ ಅಭ್ಯರ್ಥಿಯ ವರದಿ ಚೆನ್ನಾಗಿತ್ತು, ಆದರೆ ಎರಡು ಬಾರಿ ಕೇಳಿದರೂ ಕಾರಣ ಕೆಲಸಗಾರರ ತಪ್ಪಿನಲ್ಲೇ ನಿಂತಿತು.’ ಚರ್ಚೆಯ ನಂತರ ವ್ಯವಸ್ಥಾಪಕರು ತಮ್ಮ ಅಭಿಪ್ರಾಯವನ್ನು ಬದಲಿಸಿದರು. ಹಳೆಯ ಟಿಪ್ಪಣಿಯನ್ನು ಅಳಿಸಲಿಲ್ಲ. ಅದರ ಕೆಳಗೆ ದಿನಾಂಕ ಹಾಕಿ, ವರದಿಯ ಹಾಳೆ ಮತ್ತು ಬೀಗದ ಉತ್ತರವನ್ನು ನೋಡಿ ಬದಲಿಸಿದ್ದಾಗಿ ಬರೆದು ಸಹಿ ಮಾಡಿದರು.

ಪರೀಕ್ಷಾರ್ಥ ಅವಧಿ ಮುಗಿಯುವ ಹೊತ್ತಿಗೆ ಗ್ರಾಹಕರೊಬ್ಬರು ಆ ಎಂಜಿನಿಯರ್‌ನ ವರದಿಯನ್ನು ಹಿಂದಿರುಗಿಸಿದರು. ‘ಇವರನ್ನು ತೆಗೆದುಕೊಂಡವರು ಯಾರು?’ ಎಂದು ಮೇಲಿನಿಂದ ಪ್ರಶ್ನೆ ಬಂತು. ಕಡತ ತೆರೆದಾಗ ಆ ದೌರ್ಬಲ್ಯವೂ ಅದಕ್ಕೆ ಹೇಳಿದ್ದ ಉಪಾಯವೂ ಅಲ್ಲೇ ಇದ್ದವು. ವರದಿಗಳನ್ನು ತಿದ್ದುವ ಕೆಲಸ ಎರಡನೆಯ ತಿಂಗಳಿಗೇ ನಿಂತುಹೋಗಿತ್ತು, ಮುಂದಿನ ವಿಚಾರಣೆ ಆ ಕಡೆಗೆ ಹೋಯಿತು.