42 ಮತ್ತು 00042 ಒಬ್ಬರೇನಾ?

ಬೈಕಂಪಾಡಿಯ ಒಂದು ಕಾರ್ಖಾನೆಯ ಸಂಬಳದ ಲೆಕ್ಕ ನೋಡಿಕೊಡಿ ಅಂತ ಕರೆದಿದ್ದರು. ಅಲ್ಲಿ ಸುಮಾರು ಆರುನೂರು ಮಂದಿ ಕೆಲಸದವರು. ಹೆಬ್ಬೆಟ್ಟು ಒತ್ತುವ ಹಾಜರಿ ಮಷೀನ್ ತಿಂಗಳ ಕೊನೆಗೆ ಒಂದು ಫೈಲ್ ಕೊಡುತ್ತದೆ. ಅದರಲ್ಲಿ ಕೋಡ್ 42 ಅಂತಿರುತ್ತದೆ. ಸಂಬಳದ ಎಕ್ಸೆಲ್ ಶೀಟ್‌ನಲ್ಲಿ ಅದೇ ಮನುಷ್ಯನ ಕೋಡ್ 00042. ಇಷ್ಟು ವರ್ಷ ಅಕೌಂಟೆಂಟ್ ಕಣ್ಣಲ್ಲೇ ನೋಡಿ ಹೊಂದಿಸುತ್ತಿದ್ದರು. ಮಂದಿ ಜಾಸ್ತಿಯಾದ ಮೇಲೆ ಅದು ಆಗಲಿಲ್ಲ.

"ಸರ್, ಓಟಿ ಮೊತ್ತ ಸರಿ ಬರ್ತದೆ, ಹೆಸರು ಮಾತ್ರ ಬರುದಿಲ್ಲ. ಎಂತ ಕರ್ಮ ಮಾರಾಯ್ರೆ" ಅಂದರು ಅವರು. ನೋಡಿದರೆ ಹೌದು. ಓಟಿ ಗಂಟೆಗಳನ್ನು ಕೂಡಿಸುವ `SUMIF` ಸರಿಯಾಗಿ ಕೆಲಸ ಮಾಡುತ್ತಿದೆ. ಹೆಸರು ಹುಡುಕುವ `VLOOKUP` ಮಾತ್ರ ಎಲ್ಲ ಸಾಲಲ್ಲೂ `#N/A` ಅನ್ನುತ್ತಿದೆ.

ಕಾರಣ ಇಷ್ಟೆ. ಮಷೀನ್ ಕೊಟ್ಟ 42 ಎಕ್ಸೆಲ್ ಪಾಲಿಗೆ ಸಂಖ್ಯೆ. ಶೀಟ್‌ನಲ್ಲಿರುವ 00042 ಬರೀ ಅಕ್ಷರಗಳ ಸಾಲು. `VLOOKUP` ಕಟ್ಟುನಿಟ್ಟು, ಇವೆರಡನ್ನೂ ಒಂದೇ ಅಂತ ಒಪ್ಪುವುದಿಲ್ಲ. `SUMIF` ಮತ್ತು `COUNTIF` ಉದಾರಿಗಳು. ಅಕ್ಷರದ ರೂಪದಲ್ಲಿದ್ದರೂ ಸಂಖ್ಯೆಯ ಹಾಗೆ ಕಂಡರೆ ಸಂಖ್ಯೆ ಅಂತಲೇ ಲೆಕ್ಕ ಹಾಕಿಬಿಡುತ್ತವೆ. ಹಾಗಾಗಿ ಅರ್ಧ ಶೀಟ್ ಸರಿ, ಅರ್ಧ ತಪ್ಪು.

ಅಕೌಂಟೆಂಟ್ ಮೊದಲೇ ಒಂದು ಉಪಾಯ ಮಾಡಿ ನೋಡಿದ್ದರು. ಹಾಜರಿ ಕಾಲಂ ಆರಿಸಿ, `Format Cells`‌ಗೆ ಹೋಗಿ `00000` ಅಂತ ಕೊಟ್ಟಿದ್ದರು. ಪರದೆ ಮೇಲೆ 00042 ಅಂತಲೇ ಕಾಣುತ್ತಿತ್ತು, ಆದರೂ `#N/A` ಹೋಗಲಿಲ್ಲ. ಇದು ತುಂಬ ಜನ ಬೀಳುವ ಗುಂಡಿ. ಆ ಫಾರ್ಮ್ಯಾಟ್ ಸೊನ್ನೆಗಳನ್ನು ತೋರಿಸುತ್ತದೆ ಅಷ್ಟೆ, ಸೇರಿಸುವುದಿಲ್ಲ. ಒಳಗೆ ಇರುವುದು ಇನ್ನೂ 42. ಪತ್ತೆ ಹಚ್ಚಬೇಕಾದರೆ ಪಕ್ಕದ ಸೆಲ್‌ನಲ್ಲಿ `=LEN(A2)` ಹಾಕಿ. 5 ಬಂದರೆ ಸೊನ್ನೆ ನಿಜವಾಗಿ ಇದೆ. 2 ಬಂದರೆ ಬರೀ ವೇಷ.

ಕೋಡ್ ನೋಡಲು ಸಂಖ್ಯೆಯ ಹಾಗಿದ್ದರೂ ಅದು ಹೆಸರು. ಯಾರೂ ಕೋಡ್‌ಗಳನ್ನು ಕೂಡಿಸಿ ಮೊತ್ತ ತೆಗೆಯುವುದಿಲ್ಲ, ಅಲ್ವಾ? ಹಾಗಾಗಿ ಅದು ಎಲ್ಲ ಕಡೆಯೂ ಅಕ್ಷರವಾಗಿಯೇ, ಒಂದೇ ಉದ್ದದಲ್ಲಿ ಇರಬೇಕು. ನಿಮ್ಮ ಪಿಎಫ್ ಸದಸ್ಯ ಸಂಖ್ಯೆ ನೋಡಿ. ಒಟ್ಟು 22 ಸ್ಥಾನ. ಕೊನೆಯ ಏಳು ಸ್ಥಾನ ನಿಮ್ಮ ಸ್ವಂತ ಸಂಖ್ಯೆ, ಚಿಕ್ಕದಾದರೆ ಎಡಗಡೆ ಸೊನ್ನೆ ತುಂಬಿರುತ್ತಾರೆ. ಯಾವ ತುಂಡು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಸ್ಥಾನ ಎಣಿಸಿಯೇ ಹೇಳಬಹುದು. ಉದ್ದ ಒಂದೇ ಇದ್ದರೆ ಸಾಲು ಜೋಡಿಸುವಾಗಲೂ ಗೋಳಿಲ್ಲ. ಅಕ್ಷರವಾಗಿ ಬರೆದ 1, 2, 10ನ್ನು ಜೋಡಿಸಿದರೆ 1, 10, 2 ಅಂತ ಬರುತ್ತದೆ. 00001, 00002, 00010 ಆದರೆ ಕ್ರಮ ತಪ್ಪುವುದಿಲ್ಲ.

ಸರಿ, ಹಾಜರಿ ಫೈಲ್‌ಗೆ ಸೊನ್ನೆ ತುಂಬೋಣ ಅಂತಾಯಿತು. ಅಕೌಂಟೆಂಟರ ಅಳಿಯ ಎಲ್ಲಿಂದಲೋ ಈ ಸೂತ್ರ ತಂದು ಕೊಟ್ಟಿದ್ದ:

```
=RIGHT("00000"&A2,5)
```

ಐದು ಸೊನ್ನೆಯ ಹಿಂದೆ ಕೋಡ್ ಅಂಟಿಸಿ, ಬಲಗಡೆಯ ಐದು ಸ್ಥಾನ ತೆಗೆದುಕೊಳ್ಳುವುದು. 42 ಕೊಟ್ಟರೆ 00042, 317 ಕೊಟ್ಟರೆ 00317. ಚೆನ್ನಾಗಿಯೇ ಇದೆ. `#N/A` ಎಲ್ಲ ಮಾಯ. ಸಂಬಳವೂ ಆಯಿತು.

ಮೂರು ದಿನ ಬಿಟ್ಟು ಕಾಂಟ್ರಾಕ್ಟ್ ಮೇಲಿದ್ದ ಒಬ್ಬ ಹುಡುಗ ಬಂದ. "ಸರ್, ನನ್ನ ಓಟಿ ಒಂದು ಗಂಟೆಯೂ ಬರ್ಲಿಲ್ಲ." ಅವನು 31 ಗಂಟೆ ಓಟಿ ಮಾಡಿದ್ದ, ಮೇಲ್ವಿಚಾರಕರ ಪುಸ್ತಕದಲ್ಲೂ ಇತ್ತು. ಚೀಟಿಯಲ್ಲಿ ಸೊನ್ನೆ.

ಕಾಂಟ್ರಾಕ್ಟ್‌ನವರನ್ನು ಬೇರೆಯಾಗಿ ಗುರುತಿಸಲಿ ಅಂತ ಅವರಿಗೆ 100001ರಿಂದ ಕೋಡ್ ಕೊಟ್ಟಿದ್ದರು. ಈ ಹುಡುಗನದು 100042. ಆರು ಅಂಕಿ. ಸೂತ್ರ ಬಲಗಡೆಯ ಐದನ್ನೇ ತೆಗೆದುಕೊಂಡಿತು, ಎಡಗಡೆಯ 1 ಉದುರಿತು, ಉಳಿದದ್ದು 00042. ಅದು ಕಾಯಂ ಕೆಲಸದ ಇನ್ನೊಬ್ಬರ ಕೋಡ್. ಅವರ ಸ್ವಂತ ಓಟಿ 6 ಗಂಟೆ. ಚೀಟಿಯಲ್ಲಿ ಬಂದದ್ದು 37. ಅವರು ದೂರು ಕೊಡಲಿಲ್ಲ. ಜಾಸ್ತಿ ಬಂದಾಗ ಯಾರು ಕೊಡುತ್ತಾರೆ ಹೇಳಿ!

ನನಗೆ ಇಲ್ಲಿ ಸಿಟ್ಟು ಬರುವುದು ತಪ್ಪಾದದ್ದಕ್ಕಲ್ಲ, ಸದ್ದಿಲ್ಲದೆ ತಪ್ಪಾದದ್ದಕ್ಕೆ. `#N/A` ಬಂದರೆ ಯಾರಾದರೂ ನೋಡುತ್ತಾರೆ. 37 ಅಂತ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಮೈಎಸ್‌ಕ್ಯೂಎಲ್ ಬಳಸುವವರೂ ಇದನ್ನು ಗಮನಿಸಿ. ಅಲ್ಲಿನ `LPAD('100042',5,'0')` ಕೂಡ ಉದ್ದದ ಕೋಡನ್ನು ಕತ್ತರಿಸುತ್ತದೆ. ಆದರೆ ಕತ್ತರಿಸುವುದು ಬಲಗಡೆಯಿಂದ. ಸಿಗುವುದು 10004. ಅದು ಇನ್ಯಾರದೋ ಕೋಡ್ ಆಗಿರಬಹುದು.

ಹಾಗಾಗಿ ಸೊನ್ನೆ ತುಂಬುವ ಮೊದಲು ಅತಿ ಉದ್ದದ ಕೋಡ್ ಎಷ್ಟು ಸ್ಥಾನದ್ದು ಅಂತ ಕೇಳಿಕೊಳ್ಳಬೇಕು. ಎಕ್ಸೆಲ್ ಹೇಳುತ್ತದೆ:

```
=SUMPRODUCT(MAX(LEN(A2:A613)))
```

ಅಲ್ಲಿ 6 ಬಂತು. ಐದು ಸ್ಥಾನ ಅಂತ ನಿರ್ಧರಿಸಿದ್ದೇ ಮೂಲ ತಪ್ಪು. ಕಾಂಟ್ರಾಕ್ಟ್‌ನವರು ಬರುವ ಮೊದಲು ಅದು ಸರಿ ಇತ್ತು, ಆಮೇಲೆ ಯಾರೂ ಮತ್ತೆ ಯೋಚಿಸಲಿಲ್ಲ. ಆರು ಸ್ಥಾನಕ್ಕೆ ಏರಿಸಿದೆವು. ಏರಿಸುವಾಗ ಎರಡೂ ಕಡೆ ಏರಿಸಬೇಕು. ಸಂಬಳದ ಶೀಟ್‌ನಲ್ಲಿ 00042 ಹಾಗೇ ಉಳಿದು ಹಾಜರಿಯಲ್ಲಿ 000042 ಆದರೆ ಮತ್ತೆ ಮೊದಲಿನ ಕಥೆಯೇ. ಸೂತ್ರವನ್ನೂ ಬದಲಿಸಿದೆ:

```
=REPT("0",6-LEN(TRIM(A2)))&TRIM(A2)
```

ಎಷ್ಟು ಸ್ಥಾನ ಕಡಿಮೆ ಇದೆಯೋ ಅಷ್ಟು ಸೊನ್ನೆ ಬರೆದು, ಅದರ ಹಿಂದೆ ಕೋಡ್ ಅಂಟಿಸುತ್ತದೆ. ಹಳೆಯ 00042ಕ್ಕೆ ಹಾಕಿದರೂ 000042 ಆಗುತ್ತದೆ. ನಾಳೆ ಯಾರಾದರೂ ಏಳು ಅಂಕಿಯ ಕೋಡ್ ತುರುಕಿದರೆ 6ರಿಂದ 7 ಕಳೆದು ಮೈನಸ್ ಒಂದು ಬರುತ್ತದೆ, ಸೂತ್ರ `#VALUE!` ಅಂತ ಕಿರುಚುತ್ತದೆ. ನನಗೆ ಬೇಕಾದದ್ದು ಅದೇ. `TRIM` ಇರುವುದು ಕೋಡ್‌ನ ಹಿಂದೆ ಮುಂದೆ ಕಾಣದೆ ಕೂತ ಖಾಲಿ ಜಾಗವನ್ನು ತೆಗೆಯಲು. ಮಷೀನ್ ಫೈಲ್‌ಗಳಲ್ಲಿ ಅದು ಕೆಲವೊಮ್ಮೆ ಇರುತ್ತದೆ. ಒಂದು ದೋಷ ಉಂಟು. ಖಾಲಿ ಸೆಲ್‌ಗೆ 000000 ಅಂತ ಕೊಡುತ್ತದೆ. ಕಾಲಂ ಜೋಡಿಸಿದರೆ ಆ ಭೂತ ಎಲ್ಲರಿಗಿಂತ ಮೇಲೆ ಬಂದು ಕೂರುತ್ತದೆ, ಅಳಿಸಿದರಾಯಿತು.

ಮಷೀನ್‌ನಲ್ಲಿರುವ ಕೋಡ್‌ಗಳನ್ನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು ಸೊನ್ನೆ ಒತ್ತುವ ಕೆಲಸ ಯಾರಿಗೂ ಬೇಡ. ಗುರುತಿನ ಚೀಟಿಯೂ ಹಳೆಯದೇ. ಕ್ಯಾಂಟೀನ್‌ನಲ್ಲಿ ಇವತ್ತಿಗೂ ಅವರು "ನಲವತ್ತೆರಡು".

ಇಷ್ಟು ಮಾಡಿದ ಮೇಲೂ ಮುಂದಿನ ತಿಂಗಳು ಫೋನ್ ಬಂತು. "ಸೊನ್ನೆ ಎಲ್ಲ ಹೋಯ್ತು ಸರ್." ಅವರು ಶೀಟನ್ನು ಸಿಎಸ್‌ವಿ ಮಾಡಿ ಕಾಂಟ್ರಾಕ್ಟರ್‌ಗೆ ಕಳಿಸಿದ್ದರು. ಫೈಲ್‌ನಲ್ಲಿ ಸೊನ್ನೆ ಇತ್ತು. ಕಾಂಟ್ರಾಕ್ಟರ್ ಕಡೆಯವರು ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದರು. ಎಕ್ಸೆಲ್ ಇದು ಸಂಖ್ಯೆ ಅಂದುಕೊಂಡು ಸೊನ್ನೆ ಕಿತ್ತು ಹಾಕಿತು. ಸುಮ್ನೆ ನೋಡಿ ಮುಚ್ಚಿದ್ದರೆ ತೊಂದರೆ ಇರಲಿಲ್ಲ. ಅವರು ಸೇವ್ ಮಾಡಿ ವಾಪಸ್ ಕಳಿಸಿದರು. ಅಲ್ಲಿಗೆ ಫೈಲ್‌ನಿಂದಲೂ ಸೊನ್ನೆ ಹೋಯಿತು.

ಸಿಎಸ್‌ವಿಯಲ್ಲಿ ನಿಜವಾಗಿ ಏನಿದೆ ಅಂತ ನೋಡಲು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಕ್ಸೆಲ್‌ಗೆ ತರಲೇಬೇಕಾದರೆ `Data` ಮೆನುವಿನಿಂದ ತಂದು, ಕೋಡ್ ಕಾಲಂ `Text` ಅಂತ ಆರಿಸಿ. ಅದು ಬೇಸರದ ಕೆಲಸ ಅಂತ ಆ ಅಕೌಂಟೆಂಟ್ ಬೇರೆಯೇ ದಾರಿ ಹಿಡಿದರು. ಹೊರಗಿನಿಂದ ಯಾವ ಫೈಲ್ ಬಂದರೂ ಅದರ ಪಕ್ಕ ಆ `REPT` ಕಾಲಂ ಹಾಕಿ, ಅದರಿಂದಲೇ `VLOOKUP` ಮಾಡುತ್ತಾರೆ. ಸೊನ್ನೆ ಇದ್ದು ಬರಲಿ, ಕಳೆದುಕೊಂಡು ಬರಲಿ, ಅವರಿಗೆ ಈಗ ಚಿಂತೆ ಇಲ್ಲ. 31 ಗಂಟೆಯ ಓಟಿ ಆ ಹುಡುಗನಿಗೆ ಮುಂದಿನ ಸಂಬಳದ ಜೊತೆ ಸಿಕ್ಕಿತು. ನಲವತ್ತೆರಡರಿಂದ ವಾಪಸ್ ಹಿಡಿಯುವುದು ಮಾತ್ರ ಎರಡು ಕಂತಿನಲ್ಲಿ ಆಯಿತು.